ಅದಿರು ಯಾರ್ಡಿನ ಪೆಟ್ರಿ ಜಾಲ: ಡೆಡ್‌ಲಾಕ್ ಪರೀಕ್ಷೆಯಿಂದ ಕಲಿತ ಪಾಠಗಳು

ಏಕಕಾಲದಲ್ಲಿ ನಡೆಯುವ ಹಲವು ಕೆಲಸಗಳು ಒಂದನ್ನೊಂದು ಕಾಯುತ್ತ ಶಾಶ್ವತವಾಗಿ ನಿಂತುಬಿಡುವ ಸ್ಥಿತಿಯನ್ನು ಡೆಡ್‌ಲಾಕ್ ಎನ್ನುತ್ತಾರೆ. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದುಬಂದ ಪೆಟ್ರಿ ಜಾಲವು ಇಂಥ ಸ್ಥಿತಿಯನ್ನು ಕಾಗದದ ಮೇಲೆಯೇ ಪತ್ತೆಹಚ್ಚಲು ನೆರವಾಗುತ್ತದೆ. ಇದರಲ್ಲಿ ವೃತ್ತಗಳು ಸ್ಥಾನಗಳನ್ನೂ ಆಯತಗಳು ಸಂಕ್ರಮಣಗಳನ್ನೂ, ಅಂದರೆ ಘಟನೆಗಳನ್ನೂ, ಸೂಚಿಸುತ್ತವೆ. ಒಂದು ಸಂಕ್ರಮಣಕ್ಕೆ ಬಾಣ ಬರುವ ಎಲ್ಲ ಸ್ಥಾನಗಳಲ್ಲಿಯೂ ಟೋಕನ್ ಇದ್ದರೆ ಮಾತ್ರ ಆ ಘಟನೆ ನಡೆಯಬಲ್ಲದು. ನಡೆದಾಗ ಅದು ಆ ಟೋಕನ್‌ಗಳನ್ನು ತೆಗೆದು, ಬಾಣ ಹೋಗುವ ಸ್ಥಾನಗಳಲ್ಲಿ ಹೊಸ ಟೋಕನ್‌ಗಳನ್ನು ಇಡುತ್ತದೆ.

ಸಂಡೂರು, ಹೊಸಪೇಟೆ ಭಾಗದ ಅದಿರು ಸಾಗಣೆಯನ್ನು ಹೋಲುವ ಒಂದು ಯಾರ್ಡಿನ ಸರಳ ರೂಪವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಒಂದೇ ವೇಬ್ರಿಡ್ಜ್ ಮತ್ತು ಒಂದೇ ಲೋಡಿಂಗ್ ಪಾಯಿಂಟ್ ಇವೆ. ಲಾರಿಯು ಮೊದಲು ಖಾಲಿ ತೂಕ ಮಾಡಿಸಿ, ಅದಿರು ತುಂಬಿಸಿಕೊಂಡು, ಮರಳಿ ಅದೇ ವೇಬ್ರಿಡ್ಜಿನಲ್ಲಿ ತುಂಬಿದ ತೂಕ ಮಾಡಿಸಿ ಹೊರಡಬೇಕು; ಹೊರಟ ಲಾರಿ ಮತ್ತೆ ಹೊರಗೆ ಕಾಯುವ ಸ್ಥಿತಿಗೆ ಮರಳುತ್ತದೆ. ಜಾಗ ಕಿರಿದಾದ್ದರಿಂದ ಲೋಡಿಂಗ್ ಪಾಯಿಂಟ್ ಖಾಲಿಯಾಗುವವರೆಗೆ ಲಾರಿ ವೇಬ್ರಿಡ್ಜಿನಿಂದ ಇಳಿಯುವಂತಿಲ್ಲ. ಲಾರಿಯ ಸ್ಥಿತಿಗಳಿಗೆ ನಾಲ್ಕು ಸ್ಥಾನಗಳು ಸಾಕು: ಹೊರಗೆ ಕಾಯುವುದು, ಖಾಲಿ ತೂಕ, ಲೋಡಿಂಗ್, ತುಂಬಿದ ತೂಕ. ಇವುಗಳ ಜೊತೆಗೆ ‘ವೇಬ್ರಿಡ್ಜ್ ಖಾಲಿ’ ಮತ್ತು ‘ಪಾಯಿಂಟ್ ಖಾಲಿ’ ಎಂಬ ಎರಡು ಸ್ಥಾನಗಳಲ್ಲಿ ತಲಾ ಒಂದು ಟೋಕನ್ ಇಡಬೇಕು. ಸಂಪನ್ಮೂಲಕ್ಕೆ ಹೀಗೆ ಪ್ರತ್ಯೇಕ ಸ್ಥಾನ ಕೊಡದೆ ಲಾರಿಯ ಹಾದಿಯನ್ನಷ್ಟೇ ಬರೆದ ಚಿತ್ರದಲ್ಲಿ ಡೆಡ್‌ಲಾಕ್ ಕಾಣಿಸುವುದೇ ಇಲ್ಲ ಎಂಬುದು ಮೊದಲ ಪಾಠ.

ಹೊರಗೆ ಎರಡು ಲಾರಿಗಳಿವೆ ಎಂದುಕೊಂಡು ಟೋಕನ್‌ಗಳನ್ನು ಕೈಯಲ್ಲೇ ನಡೆಸಿದರೆ, ತಲುಪಬಹುದಾದ ಸ್ಥಿತಿಗಳು ಕೇವಲ ಐದು. ಮೊದಲ ಲಾರಿ ಖಾಲಿ ತೂಕ ಮುಗಿಸಿ ಲೋಡಿಂಗ್‌ಗೆ ಹೋದ ಕ್ಷಣದಲ್ಲಿ ವೇಬ್ರಿಡ್ಜ್ ಖಾಲಿಯಾಗುತ್ತದೆ. ಆಗ ತುಂಬಿದ ಲಾರಿ ಅದನ್ನು ಏರಿದರೆ ಚಕ್ರ ಸುಸೂತ್ರವಾಗಿ ಮುಗಿಯುತ್ತದೆ; ಅದಕ್ಕೂ ಮೊದಲೇ ಎರಡನೆಯ ಲಾರಿ ಏರಿದರೆ, ಅದಕ್ಕೆ ಪಾಯಿಂಟ್ ಬೇಕು, ಪಾಯಿಂಟಿನಲ್ಲಿರುವ ಲಾರಿಗೆ ವೇಬ್ರಿಡ್ಜ್ ಬೇಕು, ಯಾವ ಸಂಕ್ರಮಣವೂ ಮುಂದೆ ನಡೆಯದು. ನಿಜವಾದ ಯಾರ್ಡಿನಲ್ಲಿ ಚಾಲಕ ಹಿಮ್ಮುಖವಾಗಿ ಇಳಿದು ದಾರಿ ಬಿಡಬಹುದು. ಆದರೆ ಅದು ಚಿತ್ರದಲ್ಲಿಲ್ಲದ ಘಟನೆ, ಮತ್ತು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಅಂಥ ಹಿಮ್ಮೆಟ್ಟುವಿಕೆಯನ್ನು ಬೇರೆಯಾಗಿ ಬರೆಯದ ಹೊರತು ಇರುವುದೂ ಇಲ್ಲ.

ಲಾರಿಗಳು ಹೆಚ್ಚಿದಂತೆ ಸ್ಥಿತಿಗಳೂ ಬೆಳೆಯುವ ದೊಡ್ಡ ಜಾಲಗಳಲ್ಲಿ ಎಲ್ಲವನ್ನೂ ಎಣಿಸುವುದು ಕಷ್ಟ, ಆದ್ದರಿಂದ ಸೈಫನ್ ಎಂಬ ರಚನೆಯನ್ನು ಹುಡುಕುತ್ತಾರೆ. ತನ್ನೊಳಗೆ ಟೋಕನ್ ಇಡುವ ಪ್ರತಿಯೊಂದು ಸಂಕ್ರಮಣವೂ ತನ್ನಿಂದಲೇ ಟೋಕನ್ ತೆಗೆದುಕೊಳ್ಳಬೇಕಾದ ಸ್ಥಾನಗಳ ಗುಂಪೇ ಸೈಫನ್; ಅದು ಒಮ್ಮೆ ಬರಿದಾದರೆ ಮತ್ತೆ ತುಂಬುವುದಿಲ್ಲ. ಇಲ್ಲಿ ‘ವೇಬ್ರಿಡ್ಜ್ ಖಾಲಿ’, ‘ಪಾಯಿಂಟ್ ಖಾಲಿ’ ಮತ್ತು ‘ತುಂಬಿದ ತೂಕ’ ಈ ಮೂರೂ ಸೇರಿ ಸೈಫನ್ ಆಗುತ್ತವೆ, ಮತ್ತು ಮೇಲಿನ ಸಿಕ್ಕಿನಲ್ಲಿ ಮೂರೂ ಬರಿದಾಗಿರುತ್ತವೆ.

ಪರಿಹಾರವೆಂದು ಮೊದಲು ತೋರುವುದು ವೇಬ್ರಿಡ್ಜ್ ಮತ್ತು ಪಾಯಿಂಟಿನ ನಡುವೆ ಒಂದು ಲಾರಿ ನಿಲ್ಲುವಷ್ಟು ಜಾಗ. ಆದರೆ ಮೂರನೆಯ ಲಾರಿ ಬಂದಾಗ ಪಾಯಿಂಟ್, ನಡುವಿನ ಜಾಗ, ವೇಬ್ರಿಡ್ಜ್ ಮೂರೂ ತುಂಬಿ ಅದೇ ಸಿಕ್ಕು ಮರಳುತ್ತದೆ. ಜಾಗವು ಡೆಡ್‌ಲಾಕನ್ನು ಮುಂದೂಡುತ್ತದೆಯೇ ಹೊರತು ಅಳಿಸುವುದಿಲ್ಲ. ಆದ್ದರಿಂದ ‘ಪ್ರವೇಶ ಬಿಲ್ಲೆ’ ಎಂಬ ಇನ್ನೊಂದು ಸ್ಥಾನವನ್ನು ಸೇರಿಸಿ, ಅದರಲ್ಲಿ ಎರಡು ಟೋಕನ್ ಇಟ್ಟು, ಖಾಲಿ ತೂಕಕ್ಕೆ ಏರುವಾಗ ಒಂದನ್ನು ಪಡೆದು, ತುಂಬಿದ ತೂಕಕ್ಕೆ ಏರುವಾಗ ಹಿಂತಿರುಗಿಸುವಂತೆ ಮಾಡಬೇಕು. ಆಗ ಮೂರು ಜಾಗಗಳಲ್ಲಿ ಎರಡೇ ಲಾರಿಗಳಿರುವುದರಿಂದ ಒಂದು ಸದಾ ತೆರವಾಗಿರುತ್ತದೆ, ಲಾರಿಗಳ ಸಂಖ್ಯೆ ಎಷ್ಟೇ ಇದ್ದರೂ ಚಲನೆ ನಿಲ್ಲುವುದಿಲ್ಲ. ಈ ತೀರ್ಮಾನವು ಕಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಸರತಿ ಎಷ್ಟು ಉದ್ದವಾಗುತ್ತದೆ ಎಂಬುದಕ್ಕೆ ಅವಧಿಗಳನ್ನು ಸೇರಿಸಿದ ಬೇರೆ ಜಾಲ ಬೇಕು.

ಈ ಖಾತ್ರಿ ಬರೆದ ಬಾಣಗಳಿಗಷ್ಟೇ ಅನ್ವಯಿಸುತ್ತದೆ. ಮಿತಿಮೀರಿದ ತೂಕದ ಲಾರಿಯು ವೇಬ್ರಿಡ್ಜಿನಿಂದ ಮರಳಿ ಪಾಯಿಂಟಿಗೆ ಹೋಗಿ ಅದಿರು ಇಳಿಸಬೇಕೆಂಬ ಒಂದು ನಿಯಮವನ್ನು ಸೇರಿಸಿದರೆ, ಅಷ್ಟರಲ್ಲಿ ನಡುವಿನ ಜಾಗದ ಲಾರಿ ಪಾಯಿಂಟಿಗೆ ಇಳಿದಿರಬಹುದು. ಬಿಲ್ಲೆಯ ಮಿತಿ ಪಾಲಿಸಿದ್ದರೂ ಅವೆರಡೂ ಪರಸ್ಪರ ಕಾಯುತ್ತ ನಿಲ್ಲುತ್ತವೆ. ಬಿಲ್ಲೆಯನ್ನು ತುಂಬಿದ ತೂಕ ಸರಿಯಾದ ಮೇಲೆ ಹಿಂತಿರುಗಿಸುವಂತೆ ಬದಲಿಸಿದರೂ ನಡುವಿನ ಲಾರಿ ಮುನ್ನುಗ್ಗುವುದು ತಪ್ಪುವುದಿಲ್ಲ. ಆಗ ಉಳಿಯುವ ದಾರಿಗಳು ಎರಡು: ತೂಕ ಸರಿಯೆಂದು ಖಚಿತವಾಗುವವರೆಗೆ ಬಿಲ್ಲೆಯ ಜೊತೆಗೆ ‘ಪಾಯಿಂಟ್ ಖಾಲಿ’ ಟೋಕನನ್ನೂ ಹಿಡಿದಿಡುವುದು, ಇಲ್ಲವೆ ಹೆಚ್ಚುವರಿ ಅದಿರನ್ನು ಇಳಿಸಲು ಬೇರೆಯೇ ಸ್ಥಾನ ಒದಗಿಸುವುದು.