ಚಕ್ಕುಲಿ ಕಮಟು ಎಂದವರಿಗೆ ಏನು ಬರೆಯಲಿ?

ನಿಮ್ಮ ಕುರುಕಲು ತಿಂಡಿ ಅಂಗಡಿಗೆ ಎರಡು ಸ್ಟಾರ್ ಕೊಟ್ಟವರ ಮಾತನ್ನು ಇನ್ನೊಮ್ಮೆ ಓದಿ: ‘ಹಬ್ಬಕ್ಕೆ ಒಯ್ದ ಚಕ್ಕುಲಿ ಕಮಟು ವಾಸನೆ. ನೆಂಟರ ಮುಂದೆ ಮುಜುಗರವಾಯ್ತು.’ ಅವರ ನೋವಿರುವುದು ಎರಡನೇ ವಾಕ್ಯದಲ್ಲಿ. ನೀವು ಬರೆದಿಟ್ಟುಕೊಂಡ ಉತ್ತರ ಎಣ್ಣೆಯ ಬ್ರ್ಯಾಂಡ್ ಹೇಳುತ್ತದೆ, ಆ ಮುಜುಗರದ ಮಾತೇ ಎತ್ತುವುದಿಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ವಿಮರ್ಶೆಗೆ ಅಂಗಡಿಯವರದು ಒಂದೇ ಉತ್ತರ. ಕನ್ನಡ, ಇಂಗ್ಲಿಷ್ ಎರಡೂ ಅದರೊಳಗೇ ಬರಬೇಕು. ಗ್ರಾಹಕರು ಕನ್ನಡದಲ್ಲಿ ಬರೆದಿದ್ದಾರೆ, ಹಾಗಾಗಿ ಕನ್ನಡ ಮೇಲೆ, ಒಂದು ಸಾಲು ಬಿಟ್ಟು ಇಂಗ್ಲಿಷ್. ಹೀಗೆ ಬರೆಯಿರಿ:

‘ನಮಸ್ಕಾರ ಮೇಡಂ. ಹಬ್ಬದ ದಿನ ನೆಂಟರ ಮುಂದೆ ನಿಮಗೆ ಹಾಗಾಗಿದ್ದಕ್ಕೆ ಕ್ಷಮಿಸಿ. ಅಂದಿನ ಚಕ್ಕುಲಿಯನ್ನೆಲ್ಲ ಮಾರಾಟದಿಂದ ತೆಗೆದಿದ್ದೇವೆ. ಅಂಗಡಿಗೆ ಬನ್ನಿ ಅಥವಾ ಫೋನ್ ಮಾಡಿ, ಹಣ ವಾಪಸು ಕೊಡುತ್ತೇವೆ.’

ನಿಜವಾಗಿ ತೆಗೆದಿದ್ದರೆ ಮಾತ್ರ ಆ ಸಾಲು ಇರಲಿ.

ಇಂಗ್ಲಿಷಿನಲ್ಲಿ ‘ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್’ ಬೇಡ, ಅದು ಬ್ಯಾಂಕಿನ ನೋಟಿಸಿನಂತೆ ಕೇಳುತ್ತದೆ. ಹಬ್ಬ, ನೆಂಟರು, ಹಣ ವಾಪಸು ಅಲ್ಲೂ ಬರಲೇಬೇಕು. ಒಂದು ಭಾಷೆಯಲ್ಲಿ ಕ್ಷಮೆ, ಇನ್ನೊಂದರಲ್ಲಿ ಸಮಜಾಯಿಷಿ ಇದ್ದರೆ ಎರಡೂ ಬಲ್ಲವರು ಥಟ್ಟನೆ ಹಿಡಿಯುತ್ತಾರೆ. ನಗುವ ಇಮೋಜಿ, ಹೊಸ ತಿಂಡಿಯ ಪ್ರಚಾರ ಖಂಡಿತ ಬೇಡ. ಹಾಕಿದ ಮೇಲೂ ತಿದ್ದಲು ಅವಕಾಶವಿದೆ, ದಯವಿಟ್ಟು ಇಂದೇ ಹಾಕಿ.