ಮೊಟಕು ಅಕ್ಷರದ ಜಾಹೀರಾತನ್ನು ಬಿಡಿಸಿ ಓದುವ ಬಗೆ



ಸಂತೆಯ ದಿನ ಹೊಳೆನರಸೀಪುರದ ಕಡೆಯ ಹಿರಿಯರೊಬ್ಬರು ಪತ್ರಿಕೆಯಿಂದ ಕತ್ತರಿಸಿದ ಒಂದು ಚೂರನ್ನು ನನ್ನ ಕೈಗೆ ಕೊಟ್ಟರು. ಇಂಗ್ಲಿಷ್ ಪತ್ರಿಕೆಯ ಮದುವೆ ಜಾಹೀರಾತು. ಅವರ ಮಗಳಿಗೆ ಇದು ಎರಡನೇ ಸಂಬಂಧ. ನೆಂಟರ ಹುಡುಗನೊಬ್ಬ ಅದನ್ನು ಕನ್ನಡದಲ್ಲಿ ಹೇಳಿದ್ದನಂತೆ: “ಗಂಡು ಚನ್ನಪಟ್ಟಣದವನು, ಉತ್ತರಾಭಾದ್ರ ನಕ್ಷತ್ರ, ಯಾವ ತಕರಾರೂ ಇಲ್ಲದೆ ವಿಚ್ಛೇದನವಾಗಿದೆ.” ಜೋಯಿಸರು ಆ ನಕ್ಷತ್ರ ಬೇಡವೆಂದರು, ಊರು ದೂರವೆಂದು ಮನೆಯವರೂ ಅಂದರು. “ಆದರೂ ಇನ್ನೊಮ್ಮೆ ಓದಿ ಹೇಳಪ್ಪ” ಎಂದು ಬಂದಿದ್ದರು. ಓದಿ ನೋಡಿದರೆ ಆ ಮೂರು ಮಾತೂ ತಪ್ಪು.

ಪತ್ರಿಕೆಯವರು ಇಂಥ ಜಾಹೀರಾತಿಗೆ ಪದದ ಲೆಕ್ಕದಲ್ಲೋ ಸಾಲಿನ ಲೆಕ್ಕದಲ್ಲೋ ಹಣ ಪಡೆಯುತ್ತಾರೆ. ಅದಕ್ಕೇ ಕೊಟ್ಟವರು ಪದಗಳ ಬಾಲ ಕತ್ತರಿಸುತ್ತಾರೆ. ಕತ್ತರಿಸಿದ ಬಾಲವನ್ನು ನಮ್ಮ ಊಹೆಯಿಂದ ಜೋಡಿಸುವಾಗ ಅನಾಹುತವಾಗುತ್ತದೆ. ಆ ಮನೆಯವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಮಾದರಿಯನ್ನು ಇಲ್ಲಿ ಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಹೇಗಿರುತ್ತದೋ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದೆ.

“ಎಸ್.ಎಂ.4 ವಕ್ಕ. ಬಾಯ್ 30/5-8, ಬಿ.ಎಸ್ಸಿ. ಅಗ್ರಿ, ಗೌಟ್. ಎಂಪ್., 4.8 ಎಲ್.ಪಿ.ಎ., ಉ. 2 ಮಕರ, ಇಷ್ಯೂಲೆಸ್ ಡಿವೋ., ಓನ್ ಹೌಸ್ ಸಿ.ಆರ್. ಪಟ್ನ. ಅರ್ಲಿ ಮ್ಯಾರೇಜ್. ಸೆಂಡ್ ಬಿ.ಎಚ್.ಪಿ.”

ಮೊದಲು ಸಂಶಯವಿಲ್ಲದವನ್ನು ಬಿಡಿಸೋಣ. ಎಸ್.ಎಂ. ಎಂದರೆ ಸೂಟಬಲ್ ಮ್ಯಾಚ್, ತಕ್ಕ ಜೋಡಿ. ಪಕ್ಕದ 4 ಎಂಬುದು ಅಂಕಿಯಲ್ಲ. ಇಂಗ್ಲಿಷಿನ ‘ಫಾರ್’ ಎಂಬ ಪದಕ್ಕೆ ಬದಲಾಗಿ ಅದರ ಉಚ್ಚಾರವನ್ನು ಹಾಕಿದ್ದಾರೆ. ವಕ್ಕ. ಎಂದರೆ ಒಕ್ಕಲಿಗ, ಗಂಗಡಿಕಾರರೋ ದಾಸರೋ ಎಂಬುದು ಅಲ್ಲಿಲ್ಲ, ಆದ್ದರಿಂದ ನಾವೂ ಸೇರಿಸಬಾರದು. ವಯಸ್ಸು 30, ಎತ್ತರ 5 ಅಡಿ 8 ಅಂಗುಲ. ಎಲ್.ಪಿ.ಎ. ಎಂದರೆ ವರ್ಷಕ್ಕೆ ಇಷ್ಟು ಲಕ್ಷ. 4.8 ಲಕ್ಷವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 40,000 ರೂಪಾಯಿ ಬರುತ್ತದೆ. ಇದು ಕಡಿತಕ್ಕೆ ಮುಂಚಿನ ಲೆಕ್ಕವೋ ಕೈಗೆ ಬರುವ ಹಣವೋ ಹೇಳಿಲ್ಲ. ಬಿ.ಎಚ್.ಪಿ. ಎಂದರೆ ಬಯೋಡೇಟಾ, ಹಾರೋಸ್ಕೋಪ್, ಫೋಟೋ. ಅಂದರೆ ವಿವರಪತ್ರ, ಜಾತಕ, ಭಾವಚಿತ್ರ.

ಇಷ್ಯೂಲೆಸ್ ಎಂಬ ಪದದಲ್ಲಿ ನೆಂಟರ ಹುಡುಗ ಎಡವಿದ. ಇಷ್ಯೂ ಎಂದರೆ ತಕರಾರು ಎಂದು ಅವನು ಶಾಲೆಯಲ್ಲಿ ಕಲಿತಿದ್ದ. ಕಾನೂನಿನ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸಂತಾನ ಎಂಬ ಅರ್ಥವೂ ಉಂಟು. ಮದುವೆ ಜಾಹೀರಾತಿನಲ್ಲಿ ಇಷ್ಯೂಲೆಸ್ ಡಿವೋರ್ಸಿ ಎಂದರೆ ಮಕ್ಕಳಿಲ್ಲದ ವಿಚ್ಛೇದಿತ. ವಿಚ್ಛೇದನ ಸುಲಭವಾಗಿ ಆಯಿತೋ ಜಗಳವಾಡಿ ಆಯಿತೋ ಆ ಪದ ಹೇಳುವುದಿಲ್ಲ. ಎರಡನೇ ಸಂಬಂಧ ನೋಡುವ ಮನೆಗೆ ಇದು ಎಷ್ಟು ದೊಡ್ಡ ವ್ಯತ್ಯಾಸವೆಂದು ತಮಗೇ ಗೊತ್ತು. ಅರ್ಲಿ ಮ್ಯಾರೇಜ್ ಎಂಬುದೂ ಹೀಗೆಯೇ. ಅದನ್ನು ಚಿಕ್ಕ ವಯಸ್ಸಿನ ಮದುವೆ ಎಂದು ಓದಿದವರನ್ನು ನಾನು ಕಂಡಿದ್ದೇನೆ. ಮದುವೆಯನ್ನು ಬೇಗ ಮುಗಿಸಬೇಕೆಂಬುದಷ್ಟೇ ಅದರ ಅರ್ಥ.

ಇನ್ನು ‘ಉ. 2 ಮಕರ’. ಉ ಅಕ್ಷರದಿಂದ ಹೊರಡುವ ನಕ್ಷತ್ರ ಮೂರು: ಉತ್ತರೆ, ಉತ್ತರಾಷಾಢ, ಉತ್ತರಾಭಾದ್ರ. ಹುಡುಗ ತನಗೆ ಮೊದಲು ನೆನಪಾದುದನ್ನು ಹೇಳಿಬಿಟ್ಟ. ಆದರೆ ಜಾಹೀರಾತಿನಲ್ಲೇ ಉತ್ತರವಿದೆ. ಪಂಚಾಂಗ ತೆಗೆದು ನೋಡಿ. ಉತ್ತರೆಯ 1ನೇ ಪಾದ ಸಿಂಹ ರಾಶಿಗೆ, ಉಳಿದ ಮೂರು ಕನ್ಯಾ ರಾಶಿಗೆ ಸೇರುತ್ತವೆ. ಉತ್ತರಾಷಾಢದ 1ನೇ ಪಾದ ಧನು, ಉಳಿದ ಮೂರು ಮಕರ. ಉತ್ತರಾಭಾದ್ರದ ನಾಲ್ಕು ಪಾದವೂ ಮೀನ. ಇಲ್ಲಿ ರಾಶಿ ಮಕರ, ಪಾದ 2. ಆದ್ದರಿಂದ ಇದು ಉತ್ತರಾಷಾಢವೇ. ಇದು ಊಹೆಯಲ್ಲ, ಒಂದು ಅಚ್ಚಾದ ಮಾತಿನಿಂದ ಇನ್ನೊಂದನ್ನು ತಾಳೆ ನೋಡಿದ್ದು. ಒಂದು ವೇಳೆ ‘ಉ. 1 ಮಕರ’ ಎಂದು ಇದ್ದಿದ್ದರೆ ಯಾವ ನಕ್ಷತ್ರಕ್ಕೂ ಹೊಂದುತ್ತಿರಲಿಲ್ಲ. ಆಗ ಅಚ್ಚಿನ ತಪ್ಪೆಂದು ತಿಳಿದು ಕೇಳಬೇಕೇ ಹೊರತು ನಾವೇ ತಿದ್ದಬಾರದು. ಜಾತಕ ನೋಡುವುದು ಬಿಡುವುದು ತಮ್ಮ ಮನೆಯ ವಿಚಾರ. ನೋಡುವುದಾದರೆ ಸರಿಯಾದ ನಕ್ಷತ್ರವನ್ನೇ ಜೋಯಿಸರ ಮುಂದಿಡಿ.

ಊರಿನ ಹೆಸರಿಗೂ ಇದೇ ಎಚ್ಚರಿಕೆ ಬೇಕು. ಸಿ.ಆರ್. ಪಟ್ನ ನಮ್ಮ ಚನ್ನರಾಯಪಟ್ಟಣ. ನಡುವಿನ ಆರ್ ರಾಯ ಎಂಬುದರ ಗುರುತು. ಚನ್ನಪಟ್ಟಣ ಬೆಂಗಳೂರು–ಮೈಸೂರು ದಾರಿಯ ಬೇರೆ ಊರು. ಬರೀ ‘ಚ. ಪಟ್ಟಣ’ ಎಂದಿದ್ದರೆ ಎರಡರಲ್ಲಿ ಯಾವುದೂ ಆಗಬಹುದು. ಬರೀ ‘ನರಸೀಪುರ’ ಎಂದಿದ್ದರೂ ಹೊಳೆನರಸೀಪುರವೋ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೋ ತಿಳಿಯದು. ‘ಅ. ಕೆರೆ’ ಎಂದಿದ್ದರೆ ಅರಸೀಕೆರೆ ಇರಬಹುದು, ಅರಕಲಗೂಡಂತೂ ಅಲ್ಲ.

ಈಗ ಪೂರ್ತಿ ಕನ್ನಡ ಹೀಗಾಗುತ್ತದೆ: “30 ವರ್ಷದ, 5 ಅಡಿ 8 ಅಂಗುಲ ಎತ್ತರದ, ಬಿ.ಎಸ್ಸಿ. ಕೃಷಿ ಓದಿದ, ವರ್ಷಕ್ಕೆ 4.8 ಲಕ್ಷ ರೂಪಾಯಿ ವರಮಾನದ ಸರ್ಕಾರಿ ನೌಕರ, ಒಕ್ಕಲಿಗ ವರನಿಗೆ ತಕ್ಕ ವಧು ಬೇಕು. ಉತ್ತರಾಷಾಢ 2ನೇ ಪಾದ, ಮಕರ ರಾಶಿ. ಮಕ್ಕಳಿಲ್ಲದ ವಿಚ್ಛೇದಿತ. ಚನ್ನರಾಯಪಟ್ಟಣದಲ್ಲಿ ಸ್ವಂತ ಮನೆ. ಬೇಗ ಮದುವೆ. ವಿವರ, ಜಾತಕ, ಭಾವಚಿತ್ರ ಕಳುಹಿಸಿ.” ಕೆಲಸ ಕಾಯಮ್ಮೋ ಗುತ್ತಿಗೆಯೋ, ಮನೆ ಯಾರ ಹೆಸರಿನಲ್ಲಿದೆ, ವಿಚ್ಛೇದನದ ಕೋರ್ಟ್ ಆದೇಶ ಆಗಿದೆಯೋ ಇಲ್ಲವೋ, ಈ ಮೂರನ್ನು ಅನುವಾದದೊಳಗೆ ತುರುಕದೆ ಕೆಳಗೆ ಪ್ರಶ್ನೆಯಾಗಿ ಬರೆದುಕೊಟ್ಟೆ. ಹಿರಿಯರು ಅದನ್ನು ಮಡಿಸಿ ಜೇಬಿಗಿಟ್ಟು, “ಹಾಗಾದರೆ ಇದು ನಮ್ಮ ಪಕ್ಕದ ತಾಲ್ಲೂಕೇ” ಎಂದರು.

ಅದೇ ಚೂರಿನ ಹಿಂದೆ ಜಮೀನಿನ ಜಾಹೀರಾತೊಂದಿತ್ತು. ಅದರ ಬಗೆಯದೇ ಇನ್ನೊಂದು ಮಾದರಿ: “2.20 ಎ. ತರಿ, 5 ಎಚ್.ಪಿ. ಬೋರ್, 18 ಲ/ಎ.” ಎ. ಎಂದರೆ ಎಕರೆ, 18 ಲ/ಎ ಎಂದರೆ ಎಕರೆಗೆ 18 ಲಕ್ಷ. ತೊಡಕಿರುವುದು 2.20ರಲ್ಲಿ. ಪಹಣಿಯ ರೂಢಿಯಲ್ಲಿ ಚುಕ್ಕಿಯ ಮುಂದಿನದು ಗುಂಟೆ. 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಪಟ್ಟಣದವರು ದಶಮಾಂಶವಾಗಿ ಬರೆದಿದ್ದರೆ ಅದು 2 ಎಕರೆ 8 ಗುಂಟೆ ಮಾತ್ರ. ವ್ಯತ್ಯಾಸ 12 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಗುಂಟೆಗೆ 45,000 ರೂಪಾಯಿ. 12 ಗುಂಟೆಗೆ 5 ಲಕ್ಷ 40 ಸಾವಿರ. ಒಂದು ಚುಕ್ಕಿಯನ್ನು ಓದುವುದರಲ್ಲಿ ಅಷ್ಟು ಹಣವಿದೆ. ಇಲ್ಲಿ ತಾಳೆ ನೋಡಲು ಜಾಹೀರಾತಿನಲ್ಲಿ ಬೇರೆ ಮಾತಿಲ್ಲ. ಆದ್ದರಿಂದ ‘2.20 ಎಕರೆ’ ಎಂದೇ ಇಟ್ಟು, ಸರ್ವೆ ನಂಬರ್ ಕೇಳಿ ಪಹಣಿ ನೋಡುವುದೊಂದೇ ದಾರಿ. ತರಿ ಎಂಬ ಮಾತು ಕೂಡ ಕಂದಾಯದ ವರ್ಗವನ್ನು ಹೇಳುತ್ತದೆ. ಹೇಮಾವತಿ ಕಾಲುವೆಯ ನೀರೋ, ಕೆರೆಯ ನೀರೋ, ಬರೀ ಬೋರಿನ ನೀರೋ ಎಂದು ಹೇಳುವುದಿಲ್ಲ. ಬೋರಿನ ಮುಂದಿನ 5 ಎಚ್.ಪಿ. ಮೋಟಾರಿನ ಶಕ್ತಿಯೇ ಹೊರತು ನೀರಿನ ಅಳತೆಯಲ್ಲ. ಪಹಣಿ ಕೈಗೆ ಬಂದ ಮೇಲೆ ಒಟ್ಟು ವಿಸ್ತೀರ್ಣದ ಕೆಳಗಿನ ಖರಾಬಿನ ಲೆಕ್ಕವನ್ನೂ ನೋಡಿ. 2 ಎಕರೆ 20 ಗುಂಟೆಯಲ್ಲಿ 4 ಗುಂಟೆ ಖರಾಬು ಇದ್ದರೆ ಸಾಗುವಳಿಗೆ ಉಳಿಯುವುದು 2 ಎಕರೆ 16 ಗುಂಟೆ. ಆ 4 ಗುಂಟೆಗೂ 18 ಲಕ್ಷದ ದರವೇ ಹಿಡಿಯುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮುಂಚೆಯೇ ಕೇಳಿ.