ಥೈರಾಯ್ಡ್ ಏರಿಕೆ: ಕಾರಣ ತಿಳಿಸುವ ಪ್ರತಿಕಾಯಗಳು

ಮಂಗಳೂರಿನ ಬಾಣಂತಿಯೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೆರಿಗೆಯಾಗಿ 3 ತಿಂಗಳು. ಎದೆಬಡಿತ, ಕೈನಡುಕ, ವಿಪರೀತ ಬೆವರು. ಕರಾವಳಿಯ ಸೆಕೆಯಲ್ಲಿ ಬೆವರನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 0.01ಕ್ಕೆ ಇಳಿದಿದೆ, ಫ್ರೀ ಟಿ4, ಫ್ರೀ ಟಿ3 ಎರಡೂ ಏರಿವೆ.

ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಸ್ರವಿಸುವುದನ್ನು ತಗ್ಗಿಸುತ್ತದೆ. ಆದರೆ ಹಾರ್ಮೋನು ಹೆಚ್ಚಿದುದೇಕೆ? ಗ್ರೇವ್ಸ್ ರೋಗದಲ್ಲಿ ಗ್ರಂಥಿಯು ಅತಿಯಾಗಿ ಉತ್ಪಾದಿಸುತ್ತದೆ. ಥೈರಾಯ್ಡೈಟಿಸ್‌ನಲ್ಲಿ ಉರಿಯೂತದಿಂದ ಘಾಸಿಗೊಂಡ ಗ್ರಂಥಿಯಿಂದ, ಮೊದಲೇ ಸಂಗ್ರಹವಾಗಿದ್ದ ಹಾರ್ಮೋನು ಸೋರುತ್ತದೆ. ಎರಡರಲ್ಲಿಯೂ ಈ ಮೂರು ಅಂಕಿಗಳು ಒಂದೇ ಬಗೆಯಾಗಿ ತೋರಬಹುದು.

ಮೊಲೆಯೂಡುವ ತಾಯಿಗೆ ವಿಕಿರಣದ ಸ್ಕ್ಯಾನ್ ಸಾಮಾನ್ಯವಾಗಿ ಮಾಡುವುದಿಲ್ಲ. ಆದುದರಿಂದ ಟಿಆರ್‌ಎಬಿ ಎಂಬ ಪ್ರತಿಕಾಯದ ಪರೀಕ್ಷೆ ನೆರವಾಗುತ್ತದೆ. ಇದು ಟಿಎಸ್‌ಎಚ್‌ನ ಗ್ರಾಹಕಕ್ಕೆ ಅಂಟಿಕೊಂಡು ಗ್ರಂಥಿಯನ್ನು ಪ್ರಚೋದಿಸುತ್ತದೆ. ಸ್ಪಷ್ಟವಾಗಿ ಹೆಚ್ಚಿದ್ದರೆ ಗ್ರೇವ್ಸ್ ಎಂದೇ ಭಾವಿಸಬಹುದು. ಟಿಪಿಒ ಪ್ರತಿಕಾಯವಾದರೋ ಎರಡರಲ್ಲಿಯೂ ಕಾಣಬಹುದಾದುದರಿಂದ ಅದೊಂದರಿಂದ ನಿರ್ಣಯಿಸಲಾಗದು.

ಈ ತಾಯಿಯ ಟಿಆರ್‌ಎಬಿ ಇಲ್ಲವೆಂದೂ ಟಿಪಿಒ ಹೆಚ್ಚೆಂದೂ ಬಂದರೆ ಹೆರಿಗೆಯ ನಂತರದ ಥೈರಾಯ್ಡೈಟಿಸ್ ಸಂಭವವೇ ಅಧಿಕ. ಉತ್ಪಾದನೆಯನ್ನು ತಡೆಯುವ ಕಾರ್ಬಿಮಜೋಲ್ ಸೋರಿಕೆಯನ್ನು ನಿಲ್ಲಿಸಲಾರದು. ಬಿಳಿ ರಕ್ತಕಣಗಳು ಕುಸಿಯುವ ಅಪರೂಪದ ಅಪಾಯವನ್ನು ಮಾತ್ರ ತಂದೀತು. ಎದೆಬಡಿತಕ್ಕೆ ವೈದ್ಯರು ಪ್ರೊಪ್ರನೊಲಾಲ್ ಕೊಡಬಹುದು.

ಸೌಮ್ಯ ಗ್ರೇವ್ಸ್‌ನಲ್ಲಿ ಕೆಲವೊಮ್ಮೆ ಟಿಆರ್‌ಎಬಿ ಕಾಣದಿರುವುದುಂಟು. ಆದುದರಿಂದ 4ರಿಂದ 8 ವಾರಗಳಲ್ಲಿ ಮರುಪರೀಕ್ಷೆ ಅಗತ್ಯ. ಥೈರಾಯ್ಡೈಟಿಸ್ ಆಗಿದ್ದರೆ ಏರಿದ ಹಾರ್ಮೋನು ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಬಳಿಕ ಕೊರತೆಯೂ ಉಂಟಾಗುವುದರಿಂದ ಪರೀಕ್ಷೆಯನ್ನು ಅಲ್ಲಿಗೇ ಬಿಡಬಾರದು.